ಅಳಿಸಿದ ಮೆಸೇಜ್, ತಿದ್ದಿದ ಮೆಸೇಜ್: ಸೂಚನೆ ಮಾತ್ರ ಉಳಿದಾಗ ಏನು ಮಾಡಬೇಕು? ಸಮಗ್ರ ಮಾರ್ಗದರ್ಶಿ

ವಾಟ್ಸಾಪ್ ತೆರೆಯುತ್ತೀರಿ. ಮಾತು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದೇ ಸಾಲು ಕಾಣುತ್ತದೆ: This message was deleted. ಕೂಡಲೇ ಕೈ ಟೈಪ್ ಮಾಡಲು ಹೊರಡುತ್ತದೆ, "ಏನು ಡಿಲೀಟ್ ಮಾಡಿದ್ರಿ?" ಅಂತ.

ಕಳಿಸಬೇಡಿ, ಒಂದು ನಿಮಿಷ ತಡೆಯಿರಿ.

ಅಳಿಸಿದ ಮೆಸೇಜ್ ಬಗ್ಗೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇವೆ, ತಿದ್ದಿದ ಮೆಸೇಜ್ ಬಗ್ಗೆ ತಲೆಯೇ ಕೆಡಿಸಿಕೊಳ್ಳುವುದಿಲ್ಲ. ನಿಜವಾಗಿ ತೊಂದರೆ ಆಗುವುದು ಎರಡನೆಯದರಿಂದ. ಅಳಿಸಿದ್ದು ಕಣ್ಣಿಗೆ ರಾಚುತ್ತದೆ, ಆದರೆ ಸಾಮಾನ್ಯವಾಗಿ ಅದರಿಂದ ನಿಮ್ಮ ಕೆಲಸ ಏನೂ ಕೆಡುವುದಿಲ್ಲ. ತಿದ್ದಿದ್ದು ಸದ್ದಿಲ್ಲದೆ ಬಂದು ಕೂರುತ್ತದೆ, ನೀವು ಹಳೆಯ ಮಾತನ್ನೇ ನಂಬಿಕೊಂಡು ಹೊರಟುಬಿಟ್ಟಿರುತ್ತೀರಿ. ಹಾಗಾಗಿ ಈ ಬರಹದಲ್ಲಿ ಎರಡನ್ನೂ ನೋಡೋಣ, ಆದರೆ ತಿದ್ದಿದ್ದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು, ಆ ಸೂಚನೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವಾಟ್ಸಾಪ್‌ನಲ್ಲಿ ಒಬ್ಬರು Delete for everyone ಒತ್ತಿದಾಗ, ಅವರ ಫೋನಿನಿಂದ ನಿಮ್ಮ ಫೋನಿಗೆ "ಆ ಮೆಸೇಜ್ ತೆಗೆದುಬಿಡು" ಎನ್ನುವ ಇನ್ನೊಂದು ಆದೇಶ ಬರುತ್ತದೆ. ನಿಮ್ಮ ಫೋನಿನ ಆಪ್ ಅದನ್ನು ಪಾಲಿಸಿ, ಮಾತು ಇದ್ದ ಕಡೆ ಆ ಸಾಲನ್ನು ಹಾಕುತ್ತದೆ. ಅಷ್ಟೇ ನಡೆಯುವುದು. ಕಳಿಸಿ ಸುಮಾರು 2 ದಿನ 12 ಗಂಟೆಯವರೆಗೆ ಹೀಗೆ ಅಳಿಸಬಹುದು. 2017ರಲ್ಲಿ ಈ ಸೌಲಭ್ಯ ಬಂದಾಗ ಇದ್ದ ಸಮಯ ಬರೀ 7 ನಿಮಿಷ. ಆಗ ಅಳಿಸುವುದು ಅಂದರೆ ಕೈತಪ್ಪನ್ನು ಸರಿ ಮಾಡಿಕೊಳ್ಳುವುದು ಅಂತಲೇ ಅರ್ಥ. ಈಗ ರಾತ್ರಿ ಕಳಿಸಿದ್ದನ್ನು ಮಾರನೆಯ ದಿನ ಸಂಜೆ ಯೋಚಿಸಿ ಅಳಿಸಲೂ ಆಗುತ್ತದೆ. ಆದ್ದರಿಂದ ಆ ಸಾಲು ಕಂಡ ಮಾತ್ರಕ್ಕೆ ಅದು ಆತುರದಲ್ಲಿ ಅಳಿಸಿದ್ದೋ, ಯೋಚಿಸಿ ಅಳಿಸಿದ್ದೋ ಗೊತ್ತಾಗುವುದಿಲ್ಲ.

ಗ್ರೂಪ್‌ಗಳಲ್ಲಿ ಇನ್ನೊಂದು ವಿಷಯ ಇದೆ. ಗ್ರೂಪ್ ಅಡ್ಮಿನ್ ಕೂಡ ಬೇರೆಯವರ ಮೆಸೇಜ್ ತೆಗೆಯಬಹುದು. ಹಾಗೆ ತೆಗೆದರೆ ಸೂಚನೆಯಲ್ಲೇ ಅಡ್ಮಿನ್ ತೆಗೆದಿದ್ದಾರೆ ಅಂತ ಇರುತ್ತದೆ. ಇದನ್ನು ಓದದೆ, ಬರೆದವರ ಮೇಲೆ "ಹೇಳಿ ಯಾಕೆ ಅಳಿಸಿದ್ರಿ" ಅಂತ ಹರಿಹಾಯುವವರಿದ್ದಾರೆ. ಪಾಪ, ಅವರು ಅಳಿಸಿಯೇ ಇರುವುದಿಲ್ಲ. ಆ ಸಾಲನ್ನು ಪೂರ್ತಿ ಓದಿ.

ಇನ್ನು ಎಲ್ಲ ಆಪ್‌ಗಳೂ ಸೂಚನೆ ಬಿಡುವುದಿಲ್ಲ. ಟೆಲಿಗ್ರಾಮ್‌ನಲ್ಲಿ ಅಳಿಸಿದರೆ ಗುರುತೇ ಇರುವುದಿಲ್ಲ, ಮೆಸೇಜ್ ಇದ್ದದ್ದೇ ಸುಳ್ಳು ಅನ್ನುವ ಹಾಗೆ ಮಾಯವಾಗುತ್ತದೆ. ಇನ್‌ಸ್ಟಾಗ್ರಾಮ್‌ನ ಚಾಟ್‌ನಲ್ಲೂ ಹಾಗೇ. ಸಿಗ್ನಲ್‌ನಲ್ಲಿ ವಾಟ್ಸಾಪ್ ಥರವೇ ಒಂದು ಸಾಲು ಉಳಿಯುತ್ತದೆ. "ಬೆಳಿಗ್ಗೆ ಒಂದು ಮೆಸೇಜ್ ನೋಡಿದ್ದೆ, ಈಗ ಕಾಣ್ತಿಲ್ಲ, ನನಗೇ ಭ್ರಮೆಯಾ?" ಅಂತ ಅನ್ನಿಸಿದರೆ, ಯಾವ ಆಪ್ ಅಂತ ಮೊದಲು ನೋಡಿ.

ಹಂತ 1: ಸುತ್ತಮುತ್ತ ನೋಡಿ

ಸೂಚನೆಯ ಮೇಲೆ, ಕೆಳಗೆ ಏನಿದೆ ಅಂತ ಓದಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಅಳಿಸಿದ ಸಾಲಿನ ಕೆಳಗೇ ಅದೇ ಥರದ ಇನ್ನೊಂದು ಮೆಸೇಜ್ ಇದ್ದರೆ, ತಪ್ಪು ಅಕ್ಷರವೋ ತಪ್ಪು ಫೋಟೋವೋ ಹೋಗಿತ್ತು, ಸರಿ ಮಾಡಿ ಮತ್ತೆ ಕಳಿಸಿದ್ದಾರೆ ಅಂತ ಅರ್ಥ. ಗ್ರೂಪ್‌ನಲ್ಲಿ ಎಂದೂ ಮಾತಾಡದವರ ಹೆಸರಲ್ಲಿ ಒಂದೇ ಒಂದು ಅಳಿಸಿದ ಸಾಲು ಇದ್ದರೆ, ಬೇರೆ ಎಲ್ಲಿಗೋ ಹೋಗಬೇಕಿದ್ದದ್ದು ಇಲ್ಲಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಎರಡಕ್ಕೂ ನೀವು ಏನೂ ಹೇಳಬೇಕಾಗಿಲ್ಲ.

ನಿಮ್ಮ ಮತ್ತು ಅವರ ಮಧ್ಯೆ ಬಿಸಿ ಬಿಸಿ ಮಾತು ನಡೆಯುತ್ತಿದ್ದಾಗ ಆ ಸಾಲು ಬಂದರೆ ಅದು ಬೇರೆ ಕಥೆ. ಆಗ ಅವರು ಏನೋ ಒರಟಾಗಿ ಬರೆದು, ಬೇಡ ಅಂತ ವಾಪಸ್ ತೆಗೆದುಕೊಂಡಿರಬಹುದು. ನನ್ನ ಅಭಿಪ್ರಾಯದಲ್ಲಿ ಇದನ್ನು ಒಳ್ಳೆಯ ಲಕ್ಷಣ ಅಂತಲೇ ನೋಡಬೇಕು. ಸಿಟ್ಟಲ್ಲಿ ಆಡಿದ ಮಾತನ್ನು ಒಬ್ಬರು ತಾವಾಗಿ ಹಿಂದಕ್ಕೆ ತೆಗೆದುಕೊಂಡರೆ, "ಇಲ್ಲ, ಏನು ಬರೆದಿದ್ದಿರಿ ಅದನ್ನೇ ಹೇಳಿ" ಅಂತ ಎಳೆದು ಎಳೆದು ಹೊರಗೆ ತರುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಜಗಳ ಮುಂದುವರಿಯಬೇಕಿದ್ದರೆ ಅದು ಉಳಿದಿರುವ ಮಾತಿನ ಮೇಲೆ ಮುಂದುವರಿಯಲಿ.

ಹಂತ 2: ಒಂದೇ ಪ್ರಶ್ನೆ ಕೇಳಿಕೊಳ್ಳಿ

ಈ ಮೆಸೇಜ್‌ನಲ್ಲಿ ನಾನು ಮಾಡಬೇಕಾದ ಕೆಲಸ ಏನಾದರೂ ಇತ್ತಾ? ಇದೊಂದೇ ಪ್ರಶ್ನೆ. "ನನ್ನ ಬಗ್ಗೆ ಏನಂದಿರಬಹುದು" ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಚಾಟ್‌ನಲ್ಲಿ ಉತ್ತರ ಸಿಗುವುದಿಲ್ಲ.

ನೀವು ಓದಿಯೇ ಇಲ್ಲ, ಮತ್ತು ಕಳಿಸಿದವರ ಜೊತೆ ನಿಮಗೆ ನಡೆಯುತ್ತಿರುವ ಕೆಲಸ ಏನೂ ಇಲ್ಲ ಅಂದರೆ ಸುಮ್ಮನಿರಿ. ಕೆಲಸ ಇದ್ದರೆ ಕೇಳಿ. ಆದರೆ ಅಳಿಸಿದ್ದರ ಬಗ್ಗೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. ಈ ಎರಡು ಸಾಲುಗಳ ನಡುವಿನ ವ್ಯತ್ಯಾಸ ನೋಡಿ:

"ಏನೋ ಕಳಿಸಿ ಡಿಲೀಟ್ ಮಾಡಿದ್ರಲ್ಲ, ಏನದು?"

"ಸರ್, ಒಂದು ಮೆಸೇಜ್ ಡಿಲೀಟ್ ಆಗಿದೆ. ನನ್ನ ಕಡೆಯಿಂದ ಏನಾದ್ರೂ ಆಗ್ಬೇಕಿತ್ತಾ?"

ಮೊದಲನೆಯದು ಅವರನ್ನು ವಿವರಣೆ ಕೊಡುವ ಜಾಗದಲ್ಲಿ ನಿಲ್ಲಿಸುತ್ತದೆ. ಎರಡನೆಯದಕ್ಕೆ "ಇಲ್ಲ, ತಪ್ಪಿ ಬಂತು" ಅಂತ ಅವರು ನೆಮ್ಮದಿಯಾಗಿ ಹೇಳಬಹುದು. ಅಷ್ಟು ಹೇಳಿದರೆ ಅಲ್ಲಿಗೆ ಮುಗಿಯಿತು. "ನಿಜವಾಗ್ಲೂ?" ಅಂತ ಮತ್ತೆ ಕೆದಕಬಾರದು.

ಗ್ರೂಪ್‌ನಲ್ಲಿ ಆಗಿದ್ದರೆ ಕೇಳುವುದು ಪರ್ಸನಲ್ ಆಗಿಯೇ ಇರಲಿ. ಹತ್ತು ಜನರ ಎದುರು ಕೇಳಿದರೆ, ನೋಡದೇ ಇದ್ದ ಒಂಬತ್ತು ಜನರೂ ಅದನ್ನೇ ಹುಡುಕಲು ಶುರು ಮಾಡುತ್ತಾರೆ.

ನೀವು ಅಳಿಸುವ ಮೊದಲೇ ಓದಿಬಿಟ್ಟಿದ್ದರೆ? ಇಲ್ಲಿ ಸ್ವಲ್ಪ ಯೋಚಿಸಬೇಕು. ಬೇರೆಯವರ ಸ್ವಂತ ವಿಷಯ, ಅಂದರೆ ಅವರ ಸಾಲ, ಆರೋಗ್ಯ, ಮನೆಯ ಜಗಳ, ಇಂಥದ್ದು ತಪ್ಪಿ ನಿಮಗೆ ಬಂದಿದ್ದರೆ, ಅದನ್ನು ಇನ್ನೊಬ್ಬರಿಗೆ ಹೇಳಬೇಡಿ, ಅವರಾಗಿ ಕೇಳುವ ತನಕ ಓದಿದೆ ಅಂತಲೂ ಹೇಳಬೇಕಾಗಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ. "ಕಣ್ಣಿಗೆ ಬಿತ್ತು, ನನ್ನಲ್ಲೇ ಇರುತ್ತೆ" ಅಂದರೆ ಸಾಕು. ನಿಮ್ಮ ಬಗ್ಗೆಯೇ ಇದ್ದ ಮಾತಾದರೆ, ಮತ್ತು ಅದು ಮನಸ್ಸಲ್ಲಿ ಕೊರೆಯುತ್ತಿದ್ದರೆ, ಓದಿಲ್ಲ ಅನ್ನುವ ನಾಟಕ ಬೇಡ. ನೇರವಾಗಿ ಫೋನ್ ಮಾಡಿ, "ನೀವು ಅಳಿಸೋದಕ್ಕೆ ಮುಂಚೆ ಓದಿದೆ, ಅದರ ಬಗ್ಗೆ ಮಾತಾಡೋಣ್ವಾ?" ಅಂತ ಕೇಳಿ. ಓದಿದ್ದನ್ನು ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಮುಖ ಗಂಟು ಹಾಕಿಕೊಂಡಿರುವುದಕ್ಕಿಂತ ಇದು ಎಷ್ಟೋ ವಾಸಿ.

ಇದರಲ್ಲಿ ಒಂದು ಸಂದರ್ಭಕ್ಕೆ ಮಾತ್ರ ಈ ನಿಯಮ ಯಾವುದೂ ಇಲ್ಲ. "ಸಾಕಾಗಿದೆ, ಇನ್ನು ಇರೋಕೆ ಇಷ್ಟ ಇಲ್ಲ" ಅನ್ನುವ ಥರದ ಮಾತನ್ನು ನೀವು ನೋಡಿ, ಆಮೇಲೆ ಅದು ಅಳಿಸಿಹೋದರೆ, ದಯವಿಟ್ಟು ಸುಮ್ಮನಿರಬೇಡಿ. ಅಳಿಸಿದ್ದಾರೆ ಅಂದ ಮಾತ್ರಕ್ಕೆ ಆ ಭಾವನೆ ಹೋಗಿದೆ ಅಂತ ಅಲ್ಲ, ಬರೆದ ಮೇಲೆ ಸಂಕೋಚ ಆಗಿರಬಹುದು ಅಷ್ಟೇ. ಆಗಲೇ ಫೋನ್ ಮಾಡಿ, ಓದಿದ್ದೇನೆ ಅಂತ ಹೇಳಿ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಎತ್ತದಿದ್ದರೆ ಅವರ ಹತ್ತಿರ ಇರುವ ಇನ್ನೊಬ್ಬರಿಗೆ ಫೋನ್ ಮಾಡಿ, ಹೋಗಿ ನೋಡಲು ಹೇಳಿ. ಅಪಾಯ ಇದೆ ಅನ್ನಿಸಿದರೆ ತುರ್ತು ಸೇವೆಯ ನಂಬರಿಗೂ ಕರೆ ಮಾಡಿ.

ಹಂತ 3: ತಿದ್ದಿದ ಮೆಸೇಜ್. ಇಲ್ಲಿ ನಿಧಾನವಾಗಿ ಓದಿ

ವಾಟ್ಸಾಪ್‌ನಲ್ಲಿ ತಿದ್ದುವ ಸೌಲಭ್ಯ ಬಂದದ್ದು 2023ರಲ್ಲಿ. ಕಳಿಸಿದ ಮೇಲೆ 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದರೆ ಸಮಯದ ಪಕ್ಕ ಚಿಕ್ಕದಾಗಿ Edited ಅಂತ ಬರುತ್ತದೆ. ಮೊದಲು ಏನಿತ್ತು ಅಂತ ನಿಮಗೆ ತೋರಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದಿದಾಗ ಹೊಸ ನೋಟಿಫಿಕೇಶನ್ ಬರುವುದಿಲ್ಲ. ಫೋನ್ ಸದ್ದು ಮಾಡುವುದಿಲ್ಲ. ಚಾಟ್ ತೆರೆದು ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಸಿಗ್ನಲ್‌ನಲ್ಲಿ, ಐಫೋನ್‌ನ ಮೆಸೇಜಸ್ ಆಪ್‌ನಲ್ಲಿ ಹಾಗಲ್ಲ. ಅಲ್ಲಿ Edited ಅನ್ನುವುದರ ಮೇಲೆ ಒತ್ತಿದರೆ ಹಳೆಯ ರೂಪಗಳೂ ಕಾಣುತ್ತವೆ. ಟೆಲಿಗ್ರಾಮ್‌ನಲ್ಲಿ ಸಾಮಾನ್ಯ ಮೆಸೇಜ್ ತಿದ್ದಲು 48 ಗಂಟೆ ಸಮಯ ಇದೆ, ಗುರುತು ಬರುತ್ತದೆ, ಹಳೆಯದನ್ನು ಚಾಟ್‌ನಲ್ಲಿ ತೋರಿಸುವುದಿಲ್ಲ. ಹಾಗಾಗಿ ತಾರೀಕು, ವಿಳಾಸ, ಲೆಕ್ಕ ಇಂಥದ್ದೆಲ್ಲ ಟೆಲಿಗ್ರಾಮ್‌ನಲ್ಲಿ ಬಂದಿದ್ದರೆ, ಹೊರಡುವ ಮುಂಚೆ ಇನ್ನೊಂದು ಸಲ ತೆರೆದು ನೋಡುವುದು ಒಳ್ಳೆಯದು.

ಇದು ಎಲ್ಲಿ ಎಡವಟ್ಟಾಗುತ್ತದೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ಅಕ್ಕ ತಮ್ಮನಿಗೆ ರಾತ್ರಿ 9:10ಕ್ಕೆ ಬರೆಯುತ್ತಾಳೆ: "ಅಮ್ಮನಿಗೆ ನಾಳೆ ಸ್ಕ್ಯಾನಿಂಗ್ 8:30ಕ್ಕೆ. ನೀನೇ ಕರ್ಕೊಂಡು ಹೋಗು." ತಮ್ಮ ಬೇರೆ ಏನೋ ಕೆಲಸದಲ್ಲಿದ್ದಾನೆ, ಚಾಟ್ ತೆರೆಯುವುದಿಲ್ಲ, ಲಾಕ್ ಸ್ಕ್ರೀನ್ ಮೇಲೆ ಬಂದ ನೋಟಿಫಿಕೇಶನ್‌ನಲ್ಲೇ ಓದಿ, ಅಲ್ಲಿಂದಲೇ 9:12ಕ್ಕೆ "ಸರಿ ಅಕ್ಕ" ಅಂತ ಕಳಿಸುತ್ತಾನೆ. ಅಷ್ಟರಲ್ಲಿ ಅಕ್ಕ ಚೀಟಿ ಮತ್ತೆ ನೋಡುತ್ತಾಳೆ. 8:30 ಅಲ್ಲ, 7:30. 9:16ಕ್ಕೆ ಅದೇ ಮೆಸೇಜನ್ನು ತಿದ್ದುತ್ತಾಳೆ: "ಅಮ್ಮನಿಗೆ ನಾಳೆ ಸ್ಕ್ಯಾನಿಂಗ್ 7:30ಕ್ಕೆ. ಖಾಲಿ ಹೊಟ್ಟೆಯಲ್ಲಿ ಇರ್ಬೇಕು. ನೀನೇ ಕರ್ಕೊಂಡು ಹೋಗು." ಕೆಳಗೆ "ಸರಿ ಅಕ್ಕ" ಅಂತ ಇದೆಯಲ್ಲ, ಅವಳು ನೆಮ್ಮದಿಯಾಗಿ ಫೋನ್ ಪಕ್ಕಕ್ಕಿಡುತ್ತಾಳೆ.

ಈಗ ನೋಡಿ. ತಮ್ಮನ ಫೋನಿಗೆ ಏನೂ ಸದ್ದು ಬಂದಿಲ್ಲ. ಅವನ ತಲೆಯಲ್ಲಿ ಇರುವುದು 8:30. ಚಾಟ್‌ನಲ್ಲಿ ಇರುವುದು 7:30, ಅದರ ಕೆಳಗೆ ಅವನದೇ ಒಪ್ಪಿಗೆ. ನಾಳೆ ಅವನು ಅಮ್ಮನಿಗೆ ತಿಂಡಿ ಕೊಟ್ಟು ಎಂಟು ಗಂಟೆಗೆ ಹೊರಟರೆ, ಅಕ್ಕ ಚಾಟ್ ತೋರಿಸಿ "ಬರೆದಿದ್ನಲ್ಲ, ನೀನು ಸರಿ ಅಂದ್ಯಲ್ಲ" ಅನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಂಥ ಜಗಳಕ್ಕೆ ಕೊನೆಯೇ ಇರುವುದಿಲ್ಲ.

9:40ಕ್ಕೆ ಅಕ್ಕನಿಂದ ಇನ್ನೊಂದು ಮೆಸೇಜ್ ಬಂದು, ಕೂಡಲೇ ಅಳಿಸಿಹೋಗುತ್ತದೆ. ತಮ್ಮ ರಾತ್ರಿ 10:30ಕ್ಕೆ ಚಾಟ್ ತೆರೆಯುತ್ತಾನೆ. ಅವನ ಕಣ್ಣು ಮೊದಲು ಹೋಗುವುದು ಅಳಿಸಿದ ಸಾಲಿನ ಕಡೆಗೆ. ಸಹಜ. ಅಲ್ಲೇ ನಿಂತು "ಏನಕ್ಕಾ ಡಿಲೀಟ್ ಮಾಡಿದ್ದು" ಅಂತ ಶುರು ಮಾಡಿದರೆ, ಮೇಲಿನ Edited ಅನ್ನುವುದು ಅವನಿಗೆ ಕಾಣುವುದೇ ಇಲ್ಲ.

ಅವನು ಮಾಡಬೇಕಾದದ್ದು ಹೀಗೆ. ಮೇಲಿನಿಂದ ಓದಿಕೊಂಡು ಬರಬೇಕು. 9:10ರ ಮೆಸೇಜ್ ಪಕ್ಕ Edited ಇದೆ. ಮೆಸೇಜ್‌ನ ಸಮಯ 9:10 ಅಂತಲೇ ಇರುತ್ತದೆ, ತಿದ್ದಿದ ಹೊತ್ತು ಕಾಣುವುದಿಲ್ಲ, ಅದಕ್ಕೇ ಸಮಯ ನೋಡಿ "ಇದು ನಾನು ಓದಿದ್ದೇ" ಅಂದುಕೊಳ್ಳಬಾರದು. ಪೂರ್ತಿ ಮತ್ತೆ ಓದಬೇಕು. ಓದಿದರೆ 7:30 ಅಂತ ಇದೆ, ಖಾಲಿ ಹೊಟ್ಟೆ ಅಂತ ಇದೆ. ಈಗ ಆ ಮೆಸೇಜನ್ನು ಒತ್ತಿ ಹಿಡಿದು, ಅದಕ್ಕೇ ರಿಪ್ಲೈ ಕೊಟ್ಟು ಬರೆಯಬೇಕು:

"ಅಕ್ಕ, ನಾನು ಮೊದಲು 8:30 ಅಂತ ಓದಿದ್ದೆ, ಈಗ 7:30 ಅಂತಿದೆ. 7:30ಕ್ಕೆ ಅಲ್ಲಿರ್ಬೇಕು, ಅಮ್ಮ ಏನೂ ತಿನ್ನಬಾರದು, ಅಲ್ವಾ? ನೀರು ಕುಡಿಯಬಹುದಾ?"

ಇದಾದ ಮೇಲೆ, ಬೇರೆ ಸಾಲಿನಲ್ಲಿ: "ಆಮೇಲೆ ಒಂದು ಮೆಸೇಜ್ ಡಿಲೀಟ್ ಆಗಿದೆ, ನಾನೇನಾದ್ರೂ ಮಾಡ್ಬೇಕಿತ್ತಾ?"

ಅಕ್ಕನಿಂದ ಉತ್ತರ ಬರುತ್ತದೆ: "ಹೌದು ಕಣೋ 7:30. ನೀರಿನ ವಿಷಯ ಬೆಳಿಗ್ಗೆನೇ ಫೋನ್ ಮಾಡಿ ಕೇಳ್ತೀನಿ. ಇನ್ನೊಂದು ನಿಮ್ಮ ಭಾವನಿಗೆ ಹೋಗ್ಬೇಕಿತ್ತು, ಬಿಡು." ಆಯಿತು. ಭಾವನಿಗೆ ಹೋಗಬೇಕಿದ್ದದ್ದರಲ್ಲಿ ಏನಿತ್ತು ಅಂತ ತಮ್ಮ ಕೇಳುವುದಿಲ್ಲ.

ಇಲ್ಲಿ ಅವನು ಮಾಡಿದ ದೊಡ್ಡ ಕೆಲಸ ಅಂದರೆ "7:30ಕ್ಕೆ, ಏನೂ ತಿನ್ನಬಾರದು" ಅಂತ ವಿಷಯವನ್ನು ತನ್ನ ಮಾತಲ್ಲಿ ಬರೆದದ್ದು. ಅವನು ಬರೆದದ್ದನ್ನು ಅಕ್ಕ ತಿದ್ದಲು ಆಗುವುದಿಲ್ಲ. ತಾರೀಕು, ಸಮಯ, ಮೊತ್ತ, ವಿಳಾಸ ಇರುವ ಯಾವ ಮೆಸೇಜಿಗೂ ಬರೀ "ಸರಿ" ಅಂತ ಉತ್ತರಿಸುವ ಅಭ್ಯಾಸ ಬಿಡಿ. ಹೆಬ್ಬೆರಳಿನ ಗುರುತು ಒತ್ತಿ ಮುಗಿಸುವುದನ್ನೂ ಬಿಡಿ. ನೀವು ಯಾವ ಮಾತಿಗೆ ಒಪ್ಪಿದಿರಿ ಅಂತ ಆ ಗುರುತು ಹೇಳುವುದಿಲ್ಲ. "ಸರಿ, 15ನೇ ತಾರೀಕಿನೊಳಗೆ ಕೊಡ್ತೀನಿ" ಅಂತ ಬರೆಯಲು ಐದು ಸೆಕೆಂಡ್ ಸಾಕು. ಮುಂದೆ ಅವರು ಮೇಲಿನದನ್ನು 10 ಅಂತ ತಿದ್ದಿದರೂ ನಿಮ್ಮ ಸಾಲು ಹಾಗೇ ಇರುತ್ತದೆ.

ತಿದ್ದಿದ್ದು ನಿಮ್ಮ ಒಪ್ಪಿಗೆಯ ಅರ್ಥವನ್ನೇ ಬದಲಿಸಿದೆ ಅಂತ ಆಮೇಲೆ ಗೊತ್ತಾದರೆ, ಗೊತ್ತಾದ ಕೂಡಲೇ ಬರೆಯಿರಿ. "ನಾನು ಒಪ್ಪಿದಾಗ ಇಲ್ಲಿ 15 ಅಂತ ಇತ್ತು. 10ಕ್ಕೆ ನನಗೆ ಆಗಲ್ಲ." ಇದರಲ್ಲಿ ದೂರು ಇಲ್ಲ, ನಡೆದದ್ದು ಮಾತ್ರ ಇದೆ. "ಮೋಸ ಮಾಡ್ತಿದ್ದೀರಾ" ಅಂತ ಸೇರಿಸಬೇಡಿ. ಬಹಳ ಜನ ತಮ್ಮ ತಪ್ಪನ್ನು ಸರಿ ಮಾಡಿಕೊಳ್ಳಲು ತಿದ್ದುತ್ತಾರೆ, ಅದು ನಿಮಗೆ ಗೊತ್ತಾಗಿಲ್ಲ ಅನ್ನುವುದು ಅವರ ತಲೆಗೆ ಹೊಳೆದಿರುವುದಿಲ್ಲ.

ಹಣ ಕಳಿಸಬೇಕಾದ ಅಕೌಂಟ್ ನಂಬರ್ ಇರುವ ಮೆಸೇಜ್ ಪಕ್ಕ Edited ಕಂಡರೆ ಮಾತ್ರ ಚಾಟ್‌ನಲ್ಲಿ ಕೇಳುವುದು ಸಾಲದು. ಆ ಚಾಟ್ ಬೇರೆಯವರ ಕೈಗೆ ಸಿಕ್ಕಿದ್ದರೆ, ನಿಮ್ಮ ಪ್ರಶ್ನೆಗೆ ಉತ್ತರಿಸುವವರೂ ಅವರೇ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿ, ನಂಬರನ್ನು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಕಳಿಸಿ. ನಂಬರ್ ಬಂದು ಅಳಿಸಿ, ಬೇರೆ ನಂಬರ್ ಬಂದಿದ್ದರೂ ಇದೇ.

ಹಂತ 4: ಅಳಿಸಿದ್ದನ್ನು ಹುಡುಕಬೇಕಾ?

ಬಹುತೇಕ ಬೇಡ. ಆದರೂ ಕೆಲವೊಮ್ಮೆ ಬೇಕಾಗುತ್ತದೆ, ಉದಾಹರಣೆಗೆ ಒಬ್ಬರು ವಿಳಾಸ ಕಳಿಸಿ, ಕೈತಪ್ಪಿ ಅಳಿಸಿ, ಈಗ ಫೋನ್ ಎತ್ತುತ್ತಿಲ್ಲ ಅಂತಿಟ್ಟುಕೊಳ್ಳಿ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸ ಫೋನ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ, Notifications ಒಳಗೆ Notification history ನೋಡಿ. ಕೆಲವು ಫೋನ್‌ಗಳಲ್ಲಿ ಇದು Advanced settings ಒಳಗೆ ಇರುತ್ತದೆ. ಕಳೆದ 24 ಗಂಟೆಯ ನೋಟಿಫಿಕೇಶನ್‌ಗಳು ಅಲ್ಲಿರುತ್ತವೆ.

ಅದರ ಮಿತಿಗಳೂ ಗೊತ್ತಿರಲಿ. ಅದು ಮೊದಲೇ ಆನ್ ಆಗಿರಬೇಕು, ಇವತ್ತು ಆನ್ ಮಾಡಿದರೆ ನಿನ್ನೆಯದು ಸಿಗುವುದಿಲ್ಲ. ನೋಟಿಫಿಕೇಶನ್‌ನಲ್ಲಿ ಎಷ್ಟು ಕಂಡಿತ್ತೋ ಅಷ್ಟೇ ಇರುತ್ತದೆ, ಉದ್ದ ಮೆಸೇಜ್ ಆದರೆ ತುಂಡಾಗಿರಬಹುದು, ಫೋಟೋ ವಿಡಿಯೋ ಇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನೀವು ಆ ಚಾಟ್ ಮ್ಯೂಟ್ ಮಾಡಿದ್ದರೆ, ಅಥವಾ ಮೆಸೇಜ್ ಬಂದಾಗ ಅದೇ ಚಾಟ್ ತೆರೆದಿದ್ದರೆ, ನೋಟಿಫಿಕೇಶನ್ ಬಂದಿರುವುದಿಲ್ಲ, ಹಾಗಾಗಿ ಅಲ್ಲಿ ಇರುವುದೂ ಇಲ್ಲ. ಐಫೋನ್‌ನಲ್ಲಿ ಇಂಥ ಪಟ್ಟಿಯೇ ಇಲ್ಲ.

"ಅಳಿಸಿದ ಮೆಸೇಜ್ ವಾಪಸ್ ತೋರಿಸುತ್ತೇವೆ" ಅನ್ನುವ ಆಪ್‌ಗಳನ್ನು ಹಾಕಿಕೊಳ್ಳಬೇಡಿ. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಅವು ಸಾಮಾನ್ಯವಾಗಿ ಕೆಲಸ ಮಾಡುವುದು ಹೀಗೆ: ನಿಮ್ಮ ಫೋನಿನ ಎಲ್ಲ ನೋಟಿಫಿಕೇಶನ್ ಓದುವ ಅನುಮತಿ ಕೇಳುತ್ತವೆ, ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತವೆ. ಎಲ್ಲ ಅಂದರೆ ಎಲ್ಲ. ಬ್ಯಾಂಕಿನಿಂದ ಬರುವ ಒಟಿಪಿ ಕೂಡ ಒಂದು ನೋಟಿಫಿಕೇಶನ್ ತಾನೇ? ಗೆಳೆಯ ಅಳಿಸಿದ ಒಂದು ಸಾಲು ನೋಡುವ ಆಸೆಗೆ ಅಷ್ಟನ್ನೂ ಯಾರದೋ ಕೈಗೆ ಕೊಟ್ಟಂತಾಗುತ್ತದೆ. ಈಗಾಗಲೇ ಹಾಕಿಕೊಂಡಿದ್ದರೆ, ಮೊದಲು ಸೆಟ್ಟಿಂಗ್ಸ್‌ನಲ್ಲಿ ಅದರ ನೋಟಿಫಿಕೇಶನ್ ಅನುಮತಿ ತೆಗೆದು, ಆಮೇಲೆ ಆಪ್ ತೆಗೆಯಿರಿ. ಅಳಿಸಿದ್ದೂ ಕಾಣುತ್ತದೆ ಅಂತ ಹೇಳುವ ನಕಲಿ ವಾಟ್ಸಾಪ್‌ಗಳೂ ಇವೆ. ಅವುಗಳನ್ನು ಬಳಸಿದರೆ ವಾಟ್ಸಾಪ್ ನಿಮ್ಮ ಅಕೌಂಟನ್ನೇ ನಿಲ್ಲಿಸಬಹುದು, ಒಳಗೆ ಏನು ಸೇರಿಸಿದ್ದಾರೆ ಅಂತಲೂ ನಿಮಗೆ ಗೊತ್ತಿರುವುದಿಲ್ಲ.

ವಾಟ್ಸಾಪ್ ತೆಗೆದು ಹಳೆಯ ಬ್ಯಾಕಪ್‌ನಿಂದ ಮತ್ತೆ ಹಾಕುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಬ್ಯಾಕಪ್ ಆದ ಹೊತ್ತಿಗೆ ಆ ಮೆಸೇಜ್ ಅಳಿಸದೆ ಇದ್ದರೆ ಮಾತ್ರ ಅದು ಸಿಗುತ್ತದೆ, ಮತ್ತು ಬ್ಯಾಕಪ್ ಆದಮೇಲೆ ಬಂದ ನಿಮ್ಮ ಉಳಿದ ಮೆಸೇಜ್‌ಗಳು ಹೋಗಬಹುದು. ಒಂದು ಸಾಲಿಗೆ ಅಷ್ಟು ಕಳೆದುಕೊಳ್ಳಬೇಡಿ.

ಹಂತ 5: ಬೆದರಿಕೆ, ಬೈಗುಳ, ವಂಚನೆ ಇದ್ದರೆ

ಇಲ್ಲಿ ಮಾತ್ರ ಸುಮ್ಮನೆ ಬಿಡಬಾರದು. ಒಬ್ಬರು ಬೆದರಿಕೆ ಹಾಕಿ, ನೀವು ಓದಿದ ಕೂಡಲೇ ಅಳಿಸುತ್ತಿದ್ದರೆ ಅದು ಕೈತಪ್ಪಲ್ಲ. ಅಳಿಸುವ ಮುಂಚೆ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಿನ ಹೆಸರು, ತಾರೀಕು, ಹಿಂದಿನ ಮುಂದಿನ ಮಾತು ಎಲ್ಲ ಇರಲಿ, ಕತ್ತರಿಸಬೇಡಿ. ಹೆಸರಿನ ಮೇಲೆ ಒತ್ತಿ, ಅವರ ಫೋನ್ ನಂಬರ್ ಕಾಣುವ ಪುಟದ್ದೂ ಒಂದು ತೆಗೆಯಿರಿ. ಯಾಕೆಂದರೆ ನೀವು ಸೇವ್ ಮಾಡಿಕೊಂಡ ಹೆಸರು ಬೇರೆಯವರಿಗೆ ಏನನ್ನೂ ಹೇಳುವುದಿಲ್ಲ.

ಅಷ್ಟರಲ್ಲಿ ಅಳಿಸಿಹೋಗಿದ್ದರೆ, ನೆನಪಿರುವುದನ್ನು ಆಗಲೇ ಬರೆದಿಡಿ. ಅವರ ಮಾತುಗಳನ್ನೇ ಬರೆಯಿರಿ, ನಿಮ್ಮ ಅರ್ಥ ಸೇರಿಸಬೇಡಿ, ಓದಿದ ಸಮಯ ಹಾಕಿ. ಉಳಿದಿರುವ ಸೂಚನೆಯ ಸ್ಕ್ರೀನ್‌ಶಾಟನ್ನೂ ತೆಗೆಯಿರಿ. ಯಾರು ಅಳಿಸಿದ್ದು, ಯಾವ ಹೊತ್ತಿನ ಮೆಸೇಜ್ ಅನ್ನುವುದು ಅದರಲ್ಲಿ ಇರುತ್ತದೆ. ಏನಿತ್ತು ಅಂತ ಅದು ತೋರಿಸುವುದಿಲ್ಲ, ಆದರೆ ನೀವು ಬರೆದಿಟ್ಟದ್ದಕ್ಕೆ ಅದು ಹೊಂದಿಕೊಳ್ಳುತ್ತದೆ.

ಆಮೇಲೆ ಚಾಟ್ ಅಳಿಸಬೇಡಿ. ಬ್ಲಾಕ್ ಮಾಡುವುದಿದ್ದರೆ ಇದೆಲ್ಲ ಮುಗಿಸಿ ಮಾಡಿ. ಗ್ರೂಪ್‌ನಲ್ಲಿ ಆಗಿದ್ದರೆ ಆ ಮೆಸೇಜನ್ನು ಯಾರಾದರೂ ಫಾರ್ವರ್ಡ್ ಮಾಡಿಕೊಂಡಿದ್ದಾರಾ ಅಂತ ಕೇಳಿ. ಮೂಲವನ್ನು ಅಳಿಸಿದರೂ ಫಾರ್ವರ್ಡ್ ಆದ ಪ್ರತಿ ಹೋಗುವುದಿಲ್ಲ, ಅದು ಬೇರೆಯೇ ಮೆಸೇಜ್. ಫೋಟೋ ಬಂದಿದ್ದರೆ ಗ್ಯಾಲರಿಯನ್ನೂ ನೋಡಿ, ತಾನಾಗಿ ಸೇವ್ ಆದದ್ದು ಅಲ್ಲಿ ಉಳಿದಿರುವುದುಂಟು. ನಂತರ ಪೊಲೀಸರಿಗೋ ವಕೀಲರಿಗೋ ತೋರಿಸಬೇಕಾಗಿ ಬಂದರೆ ಫೋನನ್ನೇ ತೆಗೆದುಕೊಂಡು ಹೋಗಿ. ಸ್ಕ್ರೀನ್‌ಶಾಟ್ ಒಂದನ್ನೇ ಇಟ್ಟುಕೊಂಡು ಚಾಟ್ ಅಳಿಸಿದ್ದರೆ, ಅದು ನಿಜವೇ ಅಂತ ಎದುರಿನವರು ಸುಲಭವಾಗಿ ಪ್ರಶ್ನೆ ಮಾಡುತ್ತಾರೆ.

ನೀವೇ ಅಳಿಸುವವರಾಗಿದ್ದರೆ

ಮೇಲಿನ ತಲೆನೋವಿನಲ್ಲಿ ಅರ್ಧ, ಅಳಿಸಿದವರು ಒಂದು ಸಾಲು ಬರೆದಿದ್ದರೆ ಬರುತ್ತಲೇ ಇರಲಿಲ್ಲ. ಅಳಿಸಿದ ಕೂಡಲೇ "ಬೇರೆಯವರಿಗೆ ಹೋಗ್ಬೇಕಿತ್ತು" ಅಂತ ಹಾಕಿ. ಸಿಟ್ಟಲ್ಲಿ ಬರೆದು ಅಳಿಸಿದ್ದರೆ "ಸಿಟ್ಟಲ್ಲಿ ಬರೆದೆ, ಬೇಡ ಅನ್ನಿಸ್ತು" ಅಂತ ಹಾಗೇ ಹೇಳಿ. ಅವರು ಓದಿರುವುದಿಲ್ಲ ಅಂತ ನಂಬಿಕೊಂಡು ಕೂರಬೇಡಿ. ನೀಲಿ ಟಿಕ್ ಬಂದಿಲ್ಲ ಅಂದರೂ ನೋಟಿಫಿಕೇಶನ್‌ನಲ್ಲಿ ಓದಿರಬಹುದು. ಅಳಿಸುವುದು ಅವರ ಫೋನಲ್ಲಿ ವಿಫಲವಾದರೆ ವಾಟ್ಸಾಪ್ ನಿಮಗೆ ತಿಳಿಸುವುದೂ ಇಲ್ಲ.

ತಿದ್ದುವುದನ್ನು ಅಕ್ಷರ ತಪ್ಪಿಗೆ ಮಾತ್ರ ಇಟ್ಟುಕೊಳ್ಳಿ. ಸಮಯ, ತಾರೀಕು, ಮೊತ್ತ, ಜಾಗ ಬದಲಾದರೆ ತಿದ್ದಬೇಡಿ, ಹೊಸ ಮೆಸೇಜ್ ಕಳಿಸಿ: "8:30 ಅಲ್ಲ, 7:30. ಮೇಲಿನದು ತಪ್ಪು." ಹೊಸ ಮೆಸೇಜ್ ಆದರೆ ಅವರ ಫೋನ್ ಸದ್ದು ಮಾಡುತ್ತದೆ. ಬೇಕಿದ್ದರೆ ಇದನ್ನು ಕಳಿಸಿದ ಮೇಲೆ ಹಳೆಯದನ್ನೂ ತಿದ್ದಿ, ತೊಂದರೆ ಇಲ್ಲ.

ಕೊನೆಯದಾಗಿ ಒಂದು ಕೈತಪ್ಪು. ಗಾಬರಿಯಲ್ಲಿ Delete for everyone ಬದಲು Delete for me ಒತ್ತಿಬಿಡುವವರು ಬಹಳ. ಆಗ ಮೆಸೇಜ್ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಎದುರಿನವರ ಹತ್ತಿರ ಹಾಗೇ ಇರುತ್ತದೆ, ಮತ್ತೆ ಅಳಿಸೋಣ ಅಂದರೆ ನಿಮಗೆ ಅದು ಕಾಣುವುದೇ ಇಲ್ಲ. ಒತ್ತಿದ ಮೇಲೆ ಕೆಲವೇ ಸೆಕೆಂಡ್ ಸ್ಕ್ರೀನ್ ಕೆಳಗೆ Undo ಅಂತ ಬರುತ್ತದೆ. ಅದನ್ನು ಒತ್ತಿದರೆ ಮೆಸೇಜ್ ವಾಪಸ್ ಬರುತ್ತದೆ, ಆಗ ಸರಿಯಾದ್ದನ್ನು ಒತ್ತಬಹುದು. ಅದೂ ತಪ್ಪಿಹೋದರೆ ಅವರಿಗೆ ಫೋನ್ ಮಾಡಿ, "ಒಂದು ಮೆಸೇಜ್ ತಪ್ಪಿ ಬಂದಿದೆ, ದಯವಿಟ್ಟು ನಿಮ್ಮ ಕಡೆಯಿಂದ ಅಳಿಸ್ತೀರಾ" ಅಂತ ಕೇಳಿ. ಗ್ರೂಪ್ ಆದರೆ ಅಡ್ಮಿನ್‌ಗೆ ಹೇಳಿ, ಅವರು ಎಲ್ಲರಿಗೂ ಸೇರಿಸಿ ತೆಗೆಯಬಹುದು.